ಡಿಸ್ಪೈಟ್

‘ಡಿಸ್ಪೈಟ್’ ಪದದ ಮೂಲ ಲ್ಯಾಟಿನ್ನಿನ ‘ಡೆಸ್ಪೆಕ್ಟುಸ್’; ಕೀಳಾಗಿ ನೋಡುವುದು, ತಿರಸ್ಕಾರ ಎಂದು ಅರ್ಥ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಇದು ನಾಮಪದ. ‘ಇನ್ ಡಿಸ್ಪೈಟ್ ಆಫ್’ ಎಂಬ ಪೂರ್ಣ ರೂಪವೇ ಬಳಕೆಯಲ್ಲಿತ್ತು. ಕಾಲಕ್ರಮದಲ್ಲಿ ‘ಇನ್’, ‘ಆಫ್’ ಎರಡೂ ಕಳಚಿಕೊಂಡವು. ಇದರದೇ ಮೊಟಕು ರೂಪವಾದ ‘ಸ್ಪೈಟ್’ ಮಾತ್ರ ‘ಇನ್ ಸ್ಪೈಟ್ ಆಫ್’ನಲ್ಲಿ ಎರಡನ್ನೂ ಉಳಿಸಿಕೊಂಡಿದೆ. ಇವೆರಡು ಬೆರೆತಾಗ ‘ಡಿಸ್ಪೈಟ್ ಆಫ್ ದ ರೇನ್’ ಎಂಬ ತಪ್ಪು ನುಸುಳುತ್ತದೆ. ‘ಡಿಸ್ಪೈಟ್ ದ ರೇನ್’ ಎಂದರಷ್ಟೇ ಸರಿ. ಕ್ರಿಯಾಪದವಿರುವ ವಾಕ್ಯ ಬೇಕಾದರೆ ‘ಆಲ್ದೋ ಇಟ್ ರೇನ್ಡ್, ವಿ ಪ್ಲೇಯ್ಡ್’ ಎನ್ನಬೇಕು. ಇಲ್ಲಿ ನಡುವೆ ‘ಬಟ್’ ಸಲ್ಲದು: ‘ಆಲ್ದೋ’ ಮೊದಲ ವಾಕ್ಯವನ್ನು ಅಧೀನವಾಗಿಸಿಬಿಟ್ಟಿದೆ, ‘ಬಟ್’ ಜೋಡಿಸುವುದು ಸಮಾನ ವಾಕ್ಯಗಳನ್ನು. ‘ಮಳೆ ಬಂದರೂ ಆಡಿದೆವು’ ಎನ್ನುವಾಗ ಕನ್ನಡದಲ್ಲೂ ‘ಆದರೆ’ಗೆ ಜಾಗವಿಲ್ಲ. ಇಂಗ್ಲಿಷಿನಲ್ಲಿ ‘ಬಟ್’ ಬದಲು ‘ಯೆಟ್’ ಬಂದರೆ ಮಾತ್ರ ತಪ್ಪಲ್ಲ. ಅಲ್ಲಿ ಅದು ಕ್ರಿಯಾವಿಶೇಷಣ.