ಹಳದಿ ಪಟ್ಟಿಯ ಹಿಂದಿನ ಚರಿತ್ರೆ



ಆದಾಯ ತೆರಿಗೆಯ ವಿವರಪಟ್ಟಿಯನ್ನು ಭರ್ತಿ ಮಾಡಲು ಇಲಾಖೆಯ ತಾಣದಿಂದ ಎಕ್ಸೆಲ್ ಕಡತವನ್ನು ಇಳಿಸಿಕೊಂಡವರಿಗೆ ಒಂದು ಹಳದಿ ಪಟ್ಟಿಯ ಪರಿಚಯ ಇದ್ದೇ ಇರುತ್ತದೆ. ಕಡತ ತೆರೆದೊಡನೆ ಹಾಳೆಯ ಮೇಲ್ಭಾಗದಲ್ಲಿ "SECURITY WARNING Macros have been disabled." ಎಂಬ ಸಾಲು, ಅದರ ಮಗ್ಗುಲಲ್ಲಿ "Enable Content" ಎಂಬ ಗುಂಡಿ ಕಾಣಿಸಿಕೊಳ್ಳುತ್ತವೆ. ಯಾವಗಲ್ಲಿನಲ್ಲಿ ನನ್ನಂತೆಯೇ ನಿವೃತ್ತಿವೇತನದ ಮೇಲಿರುವ ಹಲವರು ಕೇಳುವ ಪ್ರಶ್ನೆ ಒಂದೇ: ಈ ಗುಂಡಿಯನ್ನು ಒತ್ತಬೇಕೋ, ಬಿಡಬೇಕೋ? ಇತಿಹಾಸ ಬೋಧಿಸಿದವನಾದ ನಾನು ಇದಕ್ಕೆ ಇತಿಹಾಸದ ಮೂಲಕವೇ ಉತ್ತರ ಹೇಳಬಯಸುತ್ತೇನೆ. ಆ ಪಟ್ಟಿ ಅಲ್ಲಿಗೆ ಏಕೆ ಬಂತು ಎಂಬುದು ತಿಳಿದರೆ, ಅದು ನಮ್ಮಿಂದ ಕೇಳುತ್ತಿರುವುದೇನು ಎಂಬುದೂ ತಿಳಿಯುತ್ತದೆ.

ಮೊದಲಿಗೆ ಮ್ಯಾಕ್ರೋ ಎಂದರೇನು ಎಂಬುದನ್ನು ನೋಡೋಣ. ಅಂಚೆಯಲ್ಲಿ ಬಂದ ಪತ್ರವನ್ನು ನಾವು ಓದುತ್ತೇವೆ. ಪತ್ರ ತಾನಾಗಿ ಏನನ್ನೂ ಮಾಡುವುದಿಲ್ಲ. ಮ್ಯಾಕ್ರೋ ಇರುವ ದಾಖಲೆ ಹಾಗಲ್ಲ. ಅದರೊಳಗೆ ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಒಂದು ಪಟ್ಟಿಯೂ ಅಡಗಿರುತ್ತದೆ. ಪತ್ರದ ಲಕೋಟೆಯೊಳಗೆ ಒಬ್ಬ ಆಳೂ ಕುಳಿತು ಬಂದಂತೆ. ವರ್ಡ್ ದಾಖಲೆಯೊಂದರಲ್ಲಿ ಇರಬಹುದಾದ ಅತಿ ಸರಳ ಮ್ಯಾಕ್ರೋ ಹೀಗಿರುತ್ತದೆ:

```
Private Sub Document_Open()
    MsgBox "Namaskara"
End Sub
```

ಇಲ್ಲಿ ಗಮನಿಸಬೇಕಾದದ್ದು ಮೊದಲ ಸಾಲಿನ ಹೆಸರನ್ನು. Document_Open ಎಂಬ ಹೆಸರಿಟ್ಟರೆ ಸಾಕು, ದಾಖಲೆ ತೆರೆದ ಕ್ಷಣವೇ ಒಳಗಿನ ಆಜ್ಞೆಗಳು ತಾವಾಗಿಯೇ ನಡೆಯುತ್ತವೆ. ಯಾರೂ ಏನನ್ನೂ ಒತ್ತಬೇಕಾಗಿಲ್ಲ. ಈ ಉದಾಹರಣೆಯಲ್ಲಿ ಯಂತ್ರ ನಮಸ್ಕಾರ ಹೇಳಿ ಸುಮ್ಮನಾಗುತ್ತದೆ. ಆದರೆ ಅದೇ ಜಾಗದಲ್ಲಿ ಬೇರೆ ಆಜ್ಞೆಗಳಿದ್ದರೆ, ನೀವು ನಿಮ್ಮ ಯಂತ್ರದಲ್ಲಿ ಮಾಡಬಲ್ಲ ಬಹುತೇಕ ಕೆಲಸಗಳನ್ನು ನಿಮ್ಮ ಹೆಸರಿನಲ್ಲಿಯೇ ಅದೂ ಮಾಡಬಲ್ಲದು. ಕಡತಗಳನ್ನು ಓದುವುದು, ಅಳಿಸುವುದು, ಇ-ಮೇಲ್ ಕಳುಹಿಸುವುದು, ಅಂತರಜಾಲದಿಂದ ಮತ್ತೊಂದು ತಂತ್ರಾಂಶವನ್ನು ತಂದು ಚಾಲನೆಗೊಳಿಸುವುದು, ಎಲ್ಲವೂ ಇದರಲ್ಲಿ ಸೇರಿವೆ.

1995ರವರೆಗೆ ಜನರ ನಂಬಿಕೆ ಬೇರೆಯಾಗಿತ್ತು. ವೈರಸ್ ಎಂಬುದು ಫ್ಲಾಪಿಗಳಲ್ಲಿ, ತಂತ್ರಾಂಶಗಳಲ್ಲಿ ಇರುವಂಥದು. ಟೈಪು ಮಾಡಿದ ಪತ್ರದಲ್ಲಿ ಅದು ಇರಲಾರದು ಎಂದೇ ಭಾವಿಸಲಾಗಿತ್ತು. ಆ ವರ್ಷ ಕಾಣಿಸಿಕೊಂಡ 'ಕಾನ್ಸೆಪ್ಟ್' ಎಂಬ ವೈರಸ್ ಆ ನಂಬಿಕೆಯನ್ನು ಮುರಿಯಿತು. ಅದು ವರ್ಡ್ ದಾಖಲೆಯ ಮ್ಯಾಕ್ರೋದಲ್ಲಿ ನೆಲೆಸಿ, ಹೊಸ ದಾಖಲೆಗಳಿಗೆಲ್ಲ ಅಚ್ಚಿನಂತಿರುವ Normal.dot ಎಂಬ ಕಡತಕ್ಕೆ ಹಬ್ಬುತ್ತಿತ್ತು. ಮೊದಲ ಬಾರಿ ಹಬ್ಬಿದಾಗ ತೆರೆಯ ಮೇಲೆ 1 ಎಂಬ ಅಂಕಿಯ ಪುಟ್ಟ ಚೌಕವನ್ನು ತೋರಿಸುತ್ತಿತ್ತೇ ಹೊರತು ಬೇರೆ ಹಾನಿ ಮಾಡುತ್ತಿರಲಿಲ್ಲ. ಪತ್ರವೂ ರೋಗವಾಹಕವಾಗಬಲ್ಲದು ಎಂದು ತೋರಿಸುವುದಷ್ಟೇ ಅದರ ಉದ್ದೇಶವಾಗಿದ್ದಂತೆ ಕಾಣುತ್ತದೆ.

ಇದಕ್ಕೆ ಪರಿಹಾರವಾಗಿ ಮೈಕ್ರೋಸಾಫ್ಟ್ ಸಂಸ್ಥೆಯು ವರ್ಡ್ 97ರಲ್ಲಿ ಒಂದು ಎಚ್ಚರಿಕೆಯ ಚೌಕವನ್ನು ಇಟ್ಟಿತು. ಮ್ಯಾಕ್ರೋ ಇರುವ ಕಡತ ತೆರೆಯಹೊರಟರೆ ತೆರೆಯ ನಡುವೆ ಪ್ರಶ್ನೆ ಎದ್ದು ನಿಲ್ಲುತ್ತಿತ್ತು: "Enable Macros", "Disable Macros", "Do Not Open" ಇವುಗಳಲ್ಲಿ ಯಾವುದು ಬೇಕು? ಈ ವ್ಯವಸ್ಥೆಯ ದೋಷವೇನೆಂದರೆ, ಪತ್ರವನ್ನು ಓದುವ ಮೊದಲೇ ಅದರ ಮೇಲೆ ವಿಶ್ವಾಸವಿದೆಯೇ ಎಂಬುದಕ್ಕೆ ಉತ್ತರ ಕೊಡಬೇಕಾಗಿತ್ತು. ಕೆಲಸದ ಅವಸರದಲ್ಲಿರುವವನು ಏನು ಮಾಡುತ್ತಾನೆ? ದಾರಿಗೆ ಅಡ್ಡ ಬಂದ ಚೌಕವನ್ನು ಸರಿಸುವುದಕ್ಕೆಂದೇ ಕೈಗೆ ಸಿಕ್ಕ ಗುಂಡಿಯನ್ನು ಒತ್ತುತ್ತಾನೆ.

ಈ ದೌರ್ಬಲ್ಯದ ಬೆಲೆ ಏನೆಂಬುದು 1999ರ ಮಾರ್ಚ್ 26ರ ಶುಕ್ರವಾರ ಜಗತ್ತಿಗೆ ತಿಳಿಯಿತು. ಅಮೆರಿಕದ ನ್ಯೂಜೆರ್ಸಿಯ ಡೇವಿಡ್ ಸ್ಮಿತ್ ಎಂಬಾತ LIST.DOC ಎಂಬ ವರ್ಡ್ ಕಡತವನ್ನು ಅಂತರಜಾಲದ ಚರ್ಚಾಗುಂಪೊಂದಕ್ಕೆ ಸೇರಿಸಿದ. ಅಶ್ಲೀಲ ತಾಣಗಳ ಗುಪ್ತಪದಗಳ ಪಟ್ಟಿ ಎಂಬುದು ಅದರ ಆಮಿಷ. ಒಳಗಿದ್ದುದು 'ಮೆಲಿಸ್ಸಾ' ಎಂಬ ಮ್ಯಾಕ್ರೋ ವೈರಸ್.

ಮೆಲಿಸ್ಸಾದ ಕೆಲಸದ ಕ್ರಮವನ್ನು ಹಂತಹಂತವಾಗಿ ನೋಡುವುದು ಉಚಿತ. ಕಡತ ತೆರೆದು ಮ್ಯಾಕ್ರೋಗೆ ಒಪ್ಪಿಗೆ ಸಿಕ್ಕೊಡನೆ ಅದು ಮೊದಲು ಮಾಡಿದ್ದು ಎಚ್ಚರಿಕೆಯ ವ್ಯವಸ್ಥೆಯನ್ನೇ ನಿಷ್ಕ್ರಿಯಗೊಳಿಸುವ ಕೆಲಸ. ಕಳ್ಳನು ಮೊದಲು ಕಾವಲು ನಾಯಿಯ ಬಾಯಿ ಕಟ್ಟಿದಂತೆ. ಬಳಿಕ, ಈ ಯಂತ್ರದಿಂದ ತಾನು ಈ ಹಿಂದೆ ಪತ್ರ ಕಳುಹಿಸಿದ್ದೇನೆಯೇ ಎಂಬ ಗುರುತನ್ನು ಹುಡುಕುತ್ತಿತ್ತು. ಗುರುತು ಇಲ್ಲದಿದ್ದರೆ ಔಟ್‌ಲುಕ್ ಎಂಬ ಇ-ಮೇಲ್ ತಂತ್ರಾಂಶದ ವಿಳಾಸಪುಸ್ತಕದಲ್ಲಿನ ಮೊದಲ 50 ವಿಳಾಸಗಳಿಗೆ ತನ್ನನ್ನೇ ಲಗತ್ತಿಸಿ ಪತ್ರ ಕಳುಹಿಸುತ್ತಿತ್ತು. ಪತ್ರದ ತಲೆಬರಹ "Important Message From" ಎಂದಿದ್ದು, ಅದರ ಮುಂದೆ ಯಂತ್ರದ ಒಡೆಯನದೇ ಹೆಸರು. ನೀವು ಕೇಳಿದ್ದ ದಾಖಲೆ ಇದೋ ಇಲ್ಲಿದೆ, ಬೇರೆಯವರಿಗೆ ತೋರಿಸಬೇಡಿ ಎಂಬುದು ಒಕ್ಕಣೆ. ಪರಿಚಿತರ ಹೆಸರಿನಲ್ಲಿ ಬಂದ ಪತ್ರವನ್ನು ಸಂಶಯಿಸುವವರು ಯಾರು? ಒಬ್ಬನಿಂದ 50 ಮಂದಿಗೆ, ಆ 50 ಮಂದಿಯೂ ತೆರೆದರೆ 2,500 ಮಂದಿಗೆ, ಅವರೂ ತೆರೆದರೆ 1,25,000 ಮಂದಿಗೆ. ಗಣಿತದ ಮೇಷ್ಟ್ರ ಸಹಾಯವಿಲ್ಲದೆಯೂ ನಮಗೆ ತಿಳಿಯುವ ಲೆಕ್ಕವಿದು. ಅನೇಕ ಸಂಸ್ಥೆಗಳ ಇ-ಮೇಲ್ ಯಂತ್ರಗಳು ಈ ಭಾರ ತಾಳಲಾರದೆ ನಿಂತವು.

ಕೊನೆಯ ಹಂತ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಮೆಲಿಸ್ಸಾ ಕೂಡ Normal.dot ಕಡತದಲ್ಲಿ ನೆಲೆಸುತ್ತಿತ್ತು. ಹೀಗಾಗಿ ಆ ಯಂತ್ರದಲ್ಲಿ ಮುಂದೆ ಬರೆದ ಸ್ವಂತ ಪತ್ರಗಳಿಗೂ ಅದು ಅಂಟಿಕೊಳ್ಳುತ್ತಿತ್ತು. ಅಂಥ ಪತ್ರವನ್ನು ಮತ್ತೊಬ್ಬರು ತಮ್ಮ ಯಂತ್ರದಲ್ಲಿ ತೆರೆದರೆ, ಅದೇ ಪತ್ರ ಅವರ ವಿಳಾಸಪುಸ್ತಕದ 50 ಮಂದಿಗೆ ಹೋಗುತ್ತಿತ್ತು. ಗೋಪ್ಯವಾಗಿರಬೇಕಾದ ಬರಹ ಊರಿಗೆಲ್ಲ ಹಂಚಿಹೋಗುವ ದಾರಿ ಅದು. ಸ್ಮಿತ್‌ನನ್ನು ಅದೇ ಏಪ್ರಿಲ್ 1ರಂದು ಬಂಧಿಸಲಾಯಿತು. 2002ರಲ್ಲಿ ಅವನಿಗೆ 20 ತಿಂಗಳ ಸೆರೆಮನೆವಾಸ ಹಾಗೂ 5,000 ಡಾಲರ್ ದಂಡ ವಿಧಿಸಲಾಯಿತು.

ಇನ್ನು ಹಳದಿ ಪಟ್ಟಿಯ ಮಾತು. 2007ರ ಆಫೀಸ್ ಆವೃತ್ತಿಯಲ್ಲಿ ಎರಡು ಬದಲಾವಣೆಗಳು ಬಂದವು. ಮ್ಯಾಕ್ರೋ ಇರುವ ಹೊಸ ಬಗೆಯ ಕಡತಗಳಿಗೆ .docm, .xlsm ಎಂಬ ಪ್ರತ್ಯೇಕ ಬಾಲ ಬಂತು; .docx, .xlsx ಕಡತಗಳಲ್ಲಿ ಮ್ಯಾಕ್ರೋ ಇರುವಂತಿಲ್ಲ. ಹಳೆಯ .doc, .xls ಕಡತಗಳಲ್ಲಿ ಮಾತ್ರ ಹೆಸರು ನೋಡಿ ಇದನ್ನು ಹೇಳಲಾಗದು. ಎರಡನೆಯದು, ಪ್ರಶ್ನೆಯ ಚೌಕ ಹೋಗಿ ಪಟ್ಟಿ ಬಂತು. 2010ರ ಆವೃತ್ತಿಯಲ್ಲಿ ಅದು ಈಗಿನ ಹಳದಿ ರೂಪವನ್ನೂ "Enable Content" ಗುಂಡಿಯನ್ನೂ ಪಡೆಯಿತು. ಮೇಲ್ನೋಟಕ್ಕೆ ಸಣ್ಣದೆನಿಸಿದರೂ ಇದು ಕ್ರಮವನ್ನೇ ತಿರುವುಮುರುವು ಮಾಡಿತು. ಹಿಂದೆ ಉತ್ತರ ಕೊಟ್ಟ ಮೇಲೆ ಪತ್ರ ತೆರೆಯುತ್ತಿತ್ತು. ಈಗ ಆಳನ್ನು ಕಟ್ಟಿಹಾಕಿಯೇ ಪತ್ರ ತೆರೆಯುತ್ತದೆ. ಉತ್ತರ ಕೊಡದೆ ಓದಿ ಮುಚ್ಚಬಹುದು.

ಆಗ ವಂಚಕರು ತಮ್ಮ ಉಪಾಯವನ್ನು ಬದಲಿಸಿದರು. ಗುಂಡಿ ಒತ್ತಿರೆಂದು ಪತ್ರದ ಬಾಯಿಂದಲೇ ಹೇಳಿಸತೊಡಗಿದರು. ಕಡತ ತೆರೆದರೆ ಮಸುಕಾದ ಚಿತ್ರವೊಂದು ಕಾಣುತ್ತದೆ. ಈ ದಾಖಲೆ ಬೇರೆ ಆವೃತ್ತಿಯಲ್ಲಿ ಸಿದ್ಧವಾಗಿದೆ, ಓದಬೇಕಾದರೆ "Enable Content" ಒತ್ತಿರಿ ಎಂದು ಬರೆದಿರುತ್ತದೆ. ವಂಚನೆಯನ್ನು ಗುರುತಿಸಲು ಇದಕ್ಕಿಂತ ಸ್ಪಷ್ಟ ಚಿಹ್ನೆ ಇಲ್ಲ. ಏಕೆಂದರೆ ಪತ್ರವೊಂದನ್ನು ಬರಿದೆ ಓದುವುದಕ್ಕೆ ಮ್ಯಾಕ್ರೋ ಎಂದಿಗೂ ಬೇಕಾಗಿಲ್ಲ. ನಮ್ಮ ದೇಶದಲ್ಲಿಯೇ 2020ರ ಮಾರ್ಚ್‌ನಲ್ಲಿ, ಕೊರೊನಾ ಭೀತಿಯ ದಿನಗಳಲ್ಲಿ, ಭಾರತ ಸರ್ಕಾರದ ಆರೋಗ್ಯ ಸಲಹೆಯ ಸೋಗಿನಲ್ಲಿ ಇಂಥ ಕಡತವೊಂದು ಹರಿದಾಡಿದ್ದನ್ನು ಮಾಲ್‌ವೇರ್‌ಬೈಟ್ಸ್ ಎಂಬ ಸಂಸ್ಥೆ ವರದಿ ಮಾಡಿತು. ಒಪ್ಪಿಗೆ ದೊರೆತರೆ ಅದರ ಮ್ಯಾಕ್ರೋಗಳು 'ಕ್ರಿಮ್ಸನ್' ಎಂಬ ಗೂಢಚಾರ ತಂತ್ರಾಂಶವನ್ನು ಯಂತ್ರದಲ್ಲಿ ಇಳಿಸುತ್ತಿದ್ದವು. ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳನ್ನು ಕದಿಯುವುದು, ತೆರೆಯ ಚಿತ್ರ ತೆಗೆದು ದೂರದ ಒಡೆಯನಿಗೆ ರವಾನಿಸುವುದು ಅದರ ಕೆಲಸ. ಪಿಂಚಣಿಯ ಖಾತೆಯನ್ನು ಅದೇ ಯಂತ್ರದಲ್ಲಿ ತೆರೆಯುವವರು ಇದರ ಅರ್ಥವೇನೆಂದು ಯೋಚಿಸಬೇಕು.

2022ರಲ್ಲಿ ಮೈಕ್ರೋಸಾಫ್ಟ್ ಮತ್ತೊಂದು ಹೆಜ್ಜೆ ಮುಂದಿಟ್ಟಿತು. ಅಂತರಜಾಲದಿಂದ ಇಳಿಸಿದ ಕಡತಕ್ಕೆ ವಿಂಡೋಸ್ ಒಂದು ಅದೃಶ್ಯ ಮುದ್ರೆ ಒತ್ತಿರುತ್ತದೆ:

```
[ZoneTransfer]
ZoneId=3
```

ಇಲ್ಲಿ 3 ಎಂದರೆ ಅಂತರಜಾಲ. ಈ ಮುದ್ರೆಯಿರುವ ಕಡತದಲ್ಲಿ ಮ್ಯಾಕ್ರೋ ಇದ್ದರೆ ಈಗ ಹಳದಿ ಪಟ್ಟಿಯ ಬದಲು "SECURITY RISK" ಎಂಬ ಕೆಂಪು ಬಣ್ಣದ ಪಟ್ಟಿ ಬರುತ್ತದೆ. ಅದರಲ್ಲಿ ಒಪ್ಪಿಗೆಯ ಗುಂಡಿಯೇ ಇರುವುದಿಲ್ಲ. ಅವಸರದ ಕೈಗೆ ಒತ್ತಲು ಏನೂ ಸಿಗದಂತೆ ಮಾಡಿದ್ದೇ ಇದರ ವಿಶೇಷ.

ಆದರೆ ಪ್ರಾಮಾಣಿಕ ಕಡತಕ್ಕೂ ಇದೇ ತಡೆ ಎದುರಾಗುತ್ತದೆ. ತೆರಿಗೆ ಇಲಾಖೆಯ ಎಕ್ಸೆಲ್ ಕಡತ ಅದಕ್ಕೆ ನಿದರ್ಶನ. ನಾವು ತುಂಬಿದ ವಿವರಗಳನ್ನು ತಾಳೆ ನೋಡುವುದು, ಸಲ್ಲಿಸಬೇಕಾದ JSON ಕಡತವನ್ನು ಸಿದ್ಧಪಡಿಸುವುದು ಅದರ ಮ್ಯಾಕ್ರೋಗಳ ಕೆಲಸ. ಸಲ್ಲಿಸಿದ ವಿವರಪಟ್ಟಿ ಮುಂದೆ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಹೋಗುತ್ತದೆ. ಮ್ಯಾಕ್ರೋ ಇಲ್ಲದೆ ಆ ಹಾಳೆಯ ಗುಂಡಿಗಳು ನಿರ್ಜೀವ. ಆದ್ದರಿಂದ ಇಲ್ಲಿ ಒಪ್ಪಿಗೆ ಕೊಡಲೇಬೇಕು. ವಿಳಾಸವನ್ನು incometax.gov.in ಎಂದು ನೀವೇ ಟೈಪು ಮಾಡಿ ಜಿಪ್ ಕಡತವನ್ನು ಇಳಿಸಿಕೊಳ್ಳಿರಿ. ಬಿಚ್ಚುವ ಮೊದಲು ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, "Properties" ತೆರೆದು, ಕೆಳಗಡೆ "Unblock" ಎಂಬುದಿದ್ದರೆ ಗುರುತು ಹಾಕಿ "OK" ಒತ್ತಿರಿ. ಅನಂತರ ಬಿಚ್ಚಿ ತೆರೆದಾಗ ಹಳದಿ ಪಟ್ಟಿ ಬಂದರೆ "Enable Content" ಒತ್ತಬಹುದು. ಹೀಗೆ ಒಮ್ಮೆ ಒಪ್ಪಿದ ಕಡತವನ್ನು ಆಫೀಸ್ ನೆನಪಿಟ್ಟುಕೊಳ್ಳುತ್ತದೆ, ಸಾಮಾನ್ಯವಾಗಿ ಮತ್ತೆ ಕೇಳುವುದಿಲ್ಲ ಎಂಬುದೂ ನೆನಪಿರಲಿ.

ಸ್ನೇಹಿತರಿಂದ ಸ್ನೇಹಿತರಿಗೆ ವಾಟ್ಸಾಪಿನಲ್ಲಿ ದಾಟುತ್ತ ಬರುವ ತೆರಿಗೆ ಲೆಕ್ಕದ ಎಕ್ಸೆಲ್ ಹಾಳೆಗಳ ವಿಷಯ ಬೇರೆ. ಸಿದ್ಧಪಡಿಸಿದವರು ಸಜ್ಜನರೇ ಇರಬಹುದು. ಆದರೆ ಹತ್ತು ಕೈ ದಾಟಿ ಬಂದ ಹಾಳೆಗೆ ನಡುವಿನ ಯಾವ ಕೈ ಏನು ಸೇರಿಸಿತೆಂದು ಯಾರು ಬಲ್ಲರು? ಕೂಡಿಸುವ, ಕಳೆಯುವ, ಶೇಕಡಾ ತೆಗೆಯುವ ಸೂತ್ರಗಳು ಮ್ಯಾಕ್ರೋಗಳಲ್ಲ. ಮ್ಯಾಕ್ರೋಗಳಿಗೆ ಒಪ್ಪಿಗೆ ಕೊಡದಿದ್ದರೂ ಅವು ಎಂದಿನಂತೆ ಲೆಕ್ಕ ಮಾಡುತ್ತವೆ. ಅಂಥ ಹಾಳೆ ತೆರೆದಾಗ ಹಳದಿ ಪಟ್ಟಿ ಕಂಡರೆ ಅದನ್ನು ಅಲ್ಲಿಯೇ ಬಿಟ್ಟು, ನಿಮ್ಮ ಅಂಕಿಗಳನ್ನು ತುಂಬಿ ನೋಡಿರಿ. ಲೆಕ್ಕ ಬಂದರೆ ನಿಮ್ಮ ಕೆಲಸ ಮುಗಿಯಿತು. ಬಾರದಿದ್ದರೆ ಆ ಹಾಳೆಯನ್ನು ಮುಚ್ಚಿ, ಇಲಾಖೆಯ ತಾಣಕ್ಕೇ ಹೋಗಿರಿ.