ನೋಂದಣಿ ಪತ್ರದ ಹೆಬ್ಬೆಟ್ಟು ಮತ್ತು ಆಧಾರ್ ಪಾವತಿ ವಂಚನೆ

ಕಮಲಾಪುರದ ರೈತನೊಬ್ಬ ಹೊಲ ಮಾರಿದಾಗ ಕ್ರಯಪತ್ರಕ್ಕೆ ಒತ್ತುವ ಹೆಬ್ಬೆಟ್ಟು ಗುಟ್ಟಾಗಿ ಉಳಿಯುವುದಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಸ್ಥಿರಾಸ್ತಿಯ ದಾಖಲೆ ಪುಸ್ತಕವನ್ನು ಯಾರು ಬೇಕಾದರೂ ಅರ್ಜಿ ಹಾಕಿ ನೋಡಬಹುದು, ಪ್ರತಿ ಪಡೆಯಬಹುದು. 2001ರ ತಿದ್ದುಪಡಿಯಲ್ಲಿ ಬಂದ 32ಎ ಕಲಮು ಫೋಟೊ, ಬೆರಳಚ್ಚುಗಳನ್ನು ಕಡ್ಡಾಯ ಮಾಡಿತು. ಸುಳ್ಳು ಮಾರಾಟ ತಡೆಯಲು ಅದು ಬೇಕಿತ್ತು. ಆದರೆ ಮುಂದೆ ಆಧಾರ್ ಆಧಾರಿತ ಪಾವತಿ ಬಂದು, ಅದೇ ಬೆರಳು ಬ್ಯಾಂಕ್ ಖಾತೆಯ ಕೀಲಿಯೂ ಆಯಿತು. ವಂಚನೆಯ ಬೇರು ಇಲ್ಲಿದೆ: ಎಲ್ಲರಿಗೂ ಕಾಣುವ ಗುರುತೇ ಗುಟ್ಟಿನ ಕೀಲಿಯಾಗಿರುವುದು.

ಈ ಪಾವತಿಗೆ ಬೇಕಾದದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಒಟಿಪಿ ಇಲ್ಲ, ಪಿನ್ ಇಲ್ಲ. ಒಮ್ಮೆಗೆ 10,000 ರೂಪಾಯಿವರೆಗೆ ತೆಗೆಯಬಹುದು. ಪತ್ರದಲ್ಲಿ ಆಧಾರ್ ಸಂಖ್ಯೆಯೂ ಇದ್ದರೆ ಕಳ್ಳನಿಗೆ ಉಳಿಯುವುದು ಬ್ಯಾಂಕ್ ಯಾವುದೆಂಬ ಊಹೆ ಮಾತ್ರ. ಅಕ್ಟೋಬರ್ 2023ರಲ್ಲಿ ಬೆಂಗಳೂರು ಪೊಲೀಸರು ಬಂಧಿಸಿದ ಬಿಹಾರ ಮೂಲದವರು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಪಡೆದ ನೋಂದಣಿ ಪತ್ರಗಳಿಂದಲೇ ನಕಲಿ ಬೆರಳಚ್ಚು ಮಾಡಿ ಹಣ ತೆಗೆದ ಆರೋಪ ಹೊತ್ತಿದ್ದರು. ಬಳಿಕ ಇಲಾಖೆ ಬೆರಳಚ್ಚನ್ನು ಮರೆಮಾಡಲು ಮುಂದಾಯಿತು. ಆದರೆ ಆಗಲೇ ಹೊರಬಿದ್ದ ಪ್ರತಿಗಳನ್ನು ಮರಳಿ ತರಲಾಗದು. ಪಾಸ್‌ವರ್ಡ್ ಬದಲಿಸಿದ ಹಾಗೆ ಬೆರಳು ಬದಲಿಸುವಂತೆಯೂ ಇಲ್ಲ. ಸಜೀವ ಬೆರಳೋ ಅಲ್ಲವೋ ಎಂದು ತಪಾಸಿಸುವ ವ್ಯವಸ್ಥೆಯನ್ನು ಆಧಾರ್ ಪ್ರಾಧಿಕಾರ 2023ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಅದು ನಕಲಿಯನ್ನು ಕಷ್ಟವಾಗಿಸುತ್ತದೆ, ಅಸಾಧ್ಯವಾಗಿಸುವುದಿಲ್ಲ.

ಆದ್ದರಿಂದ ಖಾತೆದಾರನ ಕೈಲಿರುವ ಗಟ್ಟಿ ಉಪಾಯ ಬಯೊಮೆಟ್ರಿಕ್ ಲಾಕ್. myaadhaar.uidai.gov.in ತೆರೆದು, ಆಧಾರ್ ಸಂಖ್ಯೆ ಮತ್ತು ಮೊಬೈಲ್‌ಗೆ ಬರುವ ಒಟಿಪಿ ಕೊಟ್ಟು ಒಳಗೆ ಹೋಗಿ, Lock/Unlock Biometrics ಆಯ್ದರೆ ಸಾಕು. mAadhaar ಆ್ಯಪ್‌ನಲ್ಲೂ ಇದು ಇದೆ. ಬೆರಳು, ಕಣ್ಣಿನ ಪಾಪೆ, ಮುಖ ಮೂರೂ ಬಂದ್ ಆಗುತ್ತವೆ. ನಂತರ ಯಾರಾದರೂ ಬೆರಳಿಟ್ಟರೆ, ಅದು ನಿಜವಾದದ್ದೇ ಇರಲಿ, ಯಂತ್ರಕ್ಕೆ 330 ಎಂಬ ದೋಷಸಂಖ್ಯೆ ಮರಳುತ್ತದೆ. ಒಟಿಪಿ ದೃಢೀಕರಣ ಎಂದಿನಂತೆ ನಡೆಯುತ್ತದೆ.

ತೊಡಕು ಬಡವರಿಗೇ ಹೆಚ್ಚು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟು ಅಕ್ಕಿ ತರುವ ಅಜ್ಜಿ ಲಾಕ್ ಮಾಡಿದರೆ ಆ ಬೆರಳೂ ನಡೆಯದು. ಸರದಿ ಬರುವ ಹೊತ್ತಿಗೆ ತಾತ್ಕಾಲಿಕವಾಗಿ ತೆರೆಯಬೇಕು. ಸುಮಾರು 10 ನಿಮಿಷದಲ್ಲಿ ಅದು ತಾನೇ ಮುಚ್ಚಿಕೊಳ್ಳುತ್ತದೆ. ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಮನೆಯ ಹುಡುಗರ ನೆರವು ಬೇಕು. ಮೊಬೈಲ್ ಜೋಡಣೆಯೇ ಇಲ್ಲದವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಬೇಕು. ಅಂಥವರಿಗೆ ಲಾಕ್ ಮಾಡಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಕೇಂದ್ರದ ಸಿಬ್ಬಂದಿಯೇ ಎದುರು ಕೂರಿಸಿ ಮಾಡಿಸಿ, ತೆರೆಯುವುದನ್ನೂ ಕಲಿಸಬೇಕು.

ಹಣ ಹೋಗಿದೆಯೋ ಎಂದು ತಿಳಿಯಲು ಎಸ್‌ಎಂಎಸ್ ಒಂದನ್ನೇ ನಂಬಬಾರದು. ಅದೇ ಆಧಾರ್ ತಾಣದ Authentication History ಕಳೆದ 6 ತಿಂಗಳಲ್ಲಿ ಎಂದು, ಯಾವ ಸಂಸ್ಥೆಯ ಮೂಲಕ, ಯಾವ ವಿಧಾನದಲ್ಲಿ ದೃಢೀಕರಣ ನಡೆಯಿತೆಂದು ತೋರಿಸುತ್ತದೆ. ನೀವು ಬೆರಳಿಡದ ದಿನ ಅಲ್ಲಿ ಬೆರಳಿನ ದಾಖಲೆ ಕಂಡರೆ ಕೂಡಲೇ ಲಾಕ್ ಮಾಡಿ, 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಂತೆ, ತಪ್ಪು ಗ್ರಾಹಕನದಾಗಲೀ ಬ್ಯಾಂಕಿನದಾಗಲೀ ಅಲ್ಲದಿದ್ದು, ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ದೂರಿದರೆ, ನಷ್ಟ ಗ್ರಾಹಕನ ಮೇಲೆ ಬೀಳುವುದಿಲ್ಲ.