ಅಂಗಡಿಯ ಸಾಲ, ಮನೆಯ ಸಾಲ

ನಮ್ಮ ತಂದೆಗೆ ಒಂದು ಬಟ್ಟೆ ಅಂಗಡಿ ಇತ್ತು. ಬ್ಯಾಂಕಿನಲ್ಲಿ ಅದಕ್ಕೊಂದು ಸಿಸಿ ಖಾತೆ, ಅಂದರೆ ಕ್ಯಾಶ್ ಕ್ರೆಡಿಟ್ ಖಾತೆ. ಹಿಂದಿನ ದಿನದ ಗಲ್ಲಾಪೆಟ್ಟಿಗೆಯ ಹಣವನ್ನು ಬ್ಯಾಂಕ್ ಬಾಗಿಲು ತೆರೆಯುತ್ತಿದ್ದಂತೆ ಕಟ್ಟಿ ಬರುವುದು ನನ್ನ ಕೆಲಸ. ಮೂರು ದಿನ ಬಿಟ್ಟು ಅದೇ ಹಣವನ್ನು ಮತ್ತೆ ತೆಗೆಯುವುದಿದ್ದರೂ ಕಟ್ಟಲೇಬೇಕು. ‘ಹಣ ಪೆಟ್ಟಿಗೆಯಲ್ಲಿ ಮಲಗಿದರೆ ಬಡ್ಡಿ ಎದ್ದು ಓಡಾಡುತ್ತದೆ’ ಎನ್ನುತ್ತಿದ್ದರು.

ಮುಂದೆ ನಾನು ಮನೆ ಸಾಲ ಮಾಡಿದಾಗ ಈ ಮಾತು ಕೆಲಸಕ್ಕೆ ಬರಲಿಲ್ಲ. ನನ್ನ ಸಾಲದ ಬಡ್ಡಿ ವಾರ್ಷಿಕ ಲೆಕ್ಕದ್ದು. ವರ್ಷದ ಆರಂಭದಲ್ಲಿ ಎಷ್ಟು ಬಾಕಿಯಿತ್ತೋ ಅಷ್ಟಕ್ಕೂ ಇಡೀ ವರ್ಷದ ಬಡ್ಡಿ. ತಿಂಗಳು ತಿಂಗಳು ಕಟ್ಟಿದ ಕಂತು ಅಸಲಿನಿಂದ ಇಳಿಯುತ್ತಿದ್ದದ್ದು ವರ್ಷದ ಕೊನೆಗೆ. ಅಂಗಡಿಯ ಸಾಲಕ್ಕೆ ದಿನದ ಲೆಕ್ಕ, ಮನೆಯ ಸಾಲಕ್ಕೆ ವರ್ಷದ ಲೆಕ್ಕ ಏಕೆ? ಇಂದು ಮನೆ ಸಾಲಕ್ಕೆ ಠೇವಣಿಯನ್ನು ಜೋಡಿಸಿ, ಅಷ್ಟು ಮೊತ್ತಕ್ಕೆ ಬಡ್ಡಿ ತಪ್ಪಿಸಿಕೊಳ್ಳುವ ಖಾತೆಗಳು ಬಂದಿವೆ. ಅವುಗಳ ಮೂಲ ಹುಡುಕುತ್ತಾ ಹೋದಾಗ ಈ ಪ್ರಶ್ನೆಗೂ ಉತ್ತರ ಸಿಕ್ಕಿತು.

ಕಥೆ ಶುರುವಾಗುವುದು ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ. 1727ರಲ್ಲಿ ಹುಟ್ಟಿದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್ ಮರುವರ್ಷ ವಿಲಿಯಂ ಹಾಗ್ ಎಂಬ ವರ್ತಕನಿಗೆ, ಅವನ ಖಾತೆಯಲ್ಲಿ ಇರುವುದಕ್ಕಿಂತ ಸಾವಿರ ಪೌಂಡ್ ಹೆಚ್ಚು ತೆಗೆಯಲು ಒಪ್ಪಿಗೆ ಕೊಟ್ಟಿತು. ತತ್ವಜ್ಞಾನಿ ಡೇವಿಡ್ ಹ್ಯೂಮ್ ತನ್ನ ಪ್ರಬಂಧವೊಂದರಲ್ಲಿ ಈ ಏರ್ಪಾಡನ್ನು ವಿವರಿಸಿದ್ದಾನೆ. ಹಣ ಕೈಯಲ್ಲಿದ್ದಷ್ಟು ದಿನಕ್ಕೆ ಮಾತ್ರ ಬಡ್ಡಿ. ಇಪ್ಪತ್ತು ಪೌಂಡಿನಂಥ ಸಣ್ಣ ಮೊತ್ತ ಮರಳಿಸಿದರೂ ಆ ದಿನದಿಂದಲೇ ಅದರ ಬಡ್ಡಿ ನಿಲ್ಲುತ್ತದೆ. 1776ರಲ್ಲಿ ಆಡಂ ಸ್ಮಿತ್ ಇದರ ಫಲವನ್ನು ತೋರಿಸಿದ. ಲಂಡನ್ನಿನ ವರ್ತಕ ದಿಢೀರ್ ಖರ್ಚಿಗೆಂದು ಒಂದಷ್ಟು ಹಣವನ್ನು ಸುಮ್ಮನೆ ಇಟ್ಟುಕೊಂಡಿರಬೇಕು. ಎಡಿನ್‌ಬರೋದವನಿಗೆ ಆ ತೊಂದರೆಯಿಲ್ಲ. ಇದ್ದ ಹಣ ಸಾಲವನ್ನು ಇಳಿಸುತ್ತಿರುತ್ತದೆ, ಬೇಕೆಂದಾಗ ಮರಳಿ ಸಿಗುತ್ತದೆ.

ಅದೇ ಸ್ಮಿತ್ ಒಂದು ಗೆರೆಯನ್ನೂ ಎಳೆದ. ಬ್ಯಾಂಕಿನ ಪೆಟ್ಟಿಗೆಯನ್ನು ಅವನು ಕೊಳಕ್ಕೆ ಹೋಲಿಸುತ್ತಾನೆ. ಒಂದು ಕಡೆ ನೀರು ಹೋಗುತ್ತಿದ್ದರೂ ಇನ್ನೊಂದು ಕಡೆಯಿಂದ ಅಷ್ಟೇ ಬರುತ್ತಿದ್ದರೆ ಕೊಳ ತುಂಬಿರುತ್ತದೆ. ಸರಕು ಕೊಂಡು ಮಾರುವವನ ಹಣ ಕೆಲವೇ ತಿಂಗಳಲ್ಲಿ ಮರಳುತ್ತದೆ. ಕಟ್ಟಡಕ್ಕೆ ಹಾಕಿದ್ದು ಹಾಗೆ ಮರಳುವುದಿಲ್ಲ. ಅಂಥ ಸಾಲವನ್ನು ಅಡಮಾನ ಬರೆದುಕೊಟ್ಟು, ಬಡ್ಡಿಯಿಂದಲೇ ಬದುಕುವ ಖಾಸಗಿ ಜನರಿಂದ ಪಡೆಯಬೇಕು ಎಂಬುದು ಅವನ ವಾದ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಅಂಗಡಿಯ ಸಾಲ ಹರಿಯುವ ನೀರು, ಮನೆಯ ಸಾಲ ನಿಂತ ಕಲ್ಲು. ಎರಡಕ್ಕೂ ಬೇರೆ ಬೇರೆ ಲೆಕ್ಕದ ಪುಸ್ತಕ.

ಉಳಿದರ್ಧ ಗುಮಾಸ್ತನ ಬೆರಳುಗಳಲ್ಲಿತ್ತು. ದಿನದ ಬಡ್ಡಿ ಹಾಕಲು ಪ್ರತಿ ಬಾಕಿಯನ್ನೂ ಅದು ನಿಂತ ದಿನಗಳಿಂದ ಗುಣಿಸಬೇಕು. ಬ್ಯಾಂಕಿನವರು ಇದನ್ನು ‘ಪ್ರಾಡಕ್ಟ್’ ಎನ್ನುತ್ತಿದ್ದರು. ಕೆಲವು ವರ್ತಕರಿಗೆ ಹೀಗೆ ಮಾಡಬಹುದಿತ್ತು, ಲಕ್ಷಾಂತರ ಸಂಬಳದಾರರಿಗೆ ಕೈಯಲ್ಲಿ ಬರೆದು ಮಾಡಲಾಗುತ್ತಿರಲಿಲ್ಲ. ನಮ್ಮ ಉಳಿತಾಯ ಖಾತೆಗಳಲ್ಲೂ 2010ರ ಏಪ್ರಿಲ್‌ವರೆಗೆ ತಿಂಗಳ ಹತ್ತನೇ ತಾರೀಖಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಬಾಕಿಗೆ ಮಾತ್ರ ಬಡ್ಡಿ ಬರುತ್ತಿತ್ತು. ದಿನದ ಲೆಕ್ಕ ಬಂದದ್ದು ಆಮೇಲೆ.

ಕಂಪ್ಯೂಟರ್ ಬಂದು ಗುಮಾಸ್ತನ ಕಷ್ಟ ನೀಗಿದಾಗ ಎರಡು ಪುಸ್ತಕಗಳು ಒಂದಾದವು. ಬ್ರಿಟನ್ನಿನಲ್ಲಿ 1997ರಲ್ಲಿ ಬಂದ ವರ್ಜಿನ್ ಒನ್ ಖಾತೆಯಲ್ಲಿ ಸಂಬಳ, ಉಳಿತಾಯ, ಮನೆ ಸಾಲ ಎಲ್ಲ ಒಂದೇ. ಅದರ ಹಿಂದಿದ್ದ ಬ್ಯಾಂಕ್ ಯಾವುದು ಗೊತ್ತೆ? ಹಾಗ್‌ಗೆ ಸಾಲ ಕೊಟ್ಟ ಅದೇ ರಾಯಲ್ ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್. ಆಸ್ಟ್ರೇಲಿಯಾದಲ್ಲಿ ಠೇವಣಿ ಬೇರೆ ಖಾತೆಯಲ್ಲೇ ಉಳಿದು ಸಾಲಕ್ಕೆ ಜೋಡಣೆಯಾಗುವ ರೂಪ ಬೇರೂರಿತು. ಅಲ್ಲಿ ತೆರಿಗೆಯ ಲಾಭವೂ ಇತ್ತು: ಠೇವಣಿಯ ಬಡ್ಡಿಗೆ ತೆರಿಗೆಯುಂಟು, ಆದರೆ ಉಳಿಸಿದ ಬಡ್ಡಿ ಆದಾಯವಲ್ಲ, ಅದಕ್ಕೆ ತೆರಿಗೆಯಿಲ್ಲ. ಭಾರತದಲ್ಲಿ ಸ್ಟೇಟ್ ಬ್ಯಾಂಕಿನ ಮ್ಯಾಕ್ಸ್‌ಗೇನ್ ಇದೇ ಬಳಗದ್ದು. ಅದು ಓವರ್‌ಡ್ರಾಫ್ಟ್ ರೂಪದ್ದು. ಹೆಚ್ಚುವರಿ ಹಣ ಸಾಲದ ಖಾತೆಯಲ್ಲೇ ಕೂರುತ್ತದೆ. ತಂದೆಯ ಸಿಸಿ ಖಾತೆಯೇ ಮನೆಗೆ ಬಂದಂತೆ.

ಲೆಕ್ಕವೊಂದನ್ನು ನೋಡೋಣ. 30 ಲಕ್ಷ ಸಾಲ, ಶೇ. 9 ಬಡ್ಡಿ, 20 ವರ್ಷ; ತಿಂಗಳ ಕಂತು ಸುಮಾರು 26,992 ರೂಪಾಯಿ. ಮೊದಲ ತಿಂಗಳ ಬಡ್ಡಿಯೇ 22,500. ಅಸಲಿಗೆ ಸೇರುವುದು 4,492 ಮಾತ್ರ. ಈಗ ಜೋಡಿಸಿದ ಖಾತೆಯಲ್ಲಿ 5 ಲಕ್ಷ ಇದೆ ಎನ್ನಿ. ಬಡ್ಡಿ 25 ಲಕ್ಷಕ್ಕೆ ಮಾತ್ರ, 18,750. ಕಂತು ಬದಲಾಗದಿದ್ದರೆ ಅಸಲಿಗೆ 8,242 ಹೋಗುತ್ತದೆ. ಆ 5 ಲಕ್ಷವನ್ನು ಮುಟ್ಟದೇ ಬಿಟ್ಟರೆ ಸುಮಾರು 13 ವರ್ಷ 3 ತಿಂಗಳಿಗೆ ಬಾಕಿ ಠೇವಣಿಯಷ್ಟಕ್ಕೇ ಇಳಿಯುತ್ತದೆ. ಒಂದರಿಂದ ಇನ್ನೊಂದನ್ನು ತೀರಿಸಿ ಮನೆ ಬಿಡಿಸಿಕೊಳ್ಳಬಹುದು. ನಡುವೆ ಮಗಳ ಕಾಲೇಜಿಗೋ ಆಸ್ಪತ್ರೆಗೋ ಆ ಹಣ ಬೇಕಾದರೆ ಕೈಗೆ ಸಿಗುತ್ತದೆ, ಆ ದಿನದಿಂದ ಬಡ್ಡಿ ಮತ್ತೆ ಏರುತ್ತದೆ.

ಈ ಅನುಕೂಲ ಸಾಮಾನ್ಯವಾಗಿ ಪುಕ್ಕಟೆಯಲ್ಲ. ಇಂಥ ಸಾಲಕ್ಕೆ ಬ್ಯಾಂಕ್ ಕಾಲು ಪರ್ಸೆಂಟ್ ಹೆಚ್ಚು ಕೇಳಿತೆನ್ನಿ. ಅದು ಇಡೀ 30 ಲಕ್ಷಕ್ಕೆ ಅನ್ವಯಿಸಿ, ಮೊದಲ ವರ್ಷ ಸುಮಾರು 7,500 ರೂಪಾಯಿ ಹೊರೆ. ಅದೇ ಹಣ ಶೇ. 3ರ ಉಳಿತಾಯ ಖಾತೆಯಲ್ಲಿದ್ದರೆ ಬರುತ್ತಿದ್ದ ಬಡ್ಡಿಯನ್ನೂ ಕಳೆದು ನೋಡಿದರೆ, ವರ್ಷವಿಡೀ ಸರಾಸರಿ 1,20,000 ಇಟ್ಟಾಗಷ್ಟೇ ಈ ಹೊರೆ ಸರಿಹೊಂದುತ್ತದೆ. ಅಷ್ಟು ಇಡಲಾಗದವರಿಗೆ ಇದು ನಷ್ಟದ ಖಾತೆ. ಆ ಹಣ ಎಂದೂ ಬೇಡವೆನ್ನುವವರು ಸಾದಾ ಸಾಲ ಪಡೆದು ಅದನ್ನು ಮುಂಗಡವಾಗಿ ಕಟ್ಟುವುದೇ ಲೇಸು. ಇಲ್ಲಿ ಹೆಚ್ಚಿಗೆ ಕೊಡುವ ಬಡ್ಡಿ ‘ಬೇಕೆಂದಾಗ ಮರಳಿ ಸಿಗುತ್ತದೆ’ ಎಂಬ ಮಾತಿನ ಬೆಲೆ.

ಖಾತೆ ನಿಜವಾಗಿ ಜೋಡಣೆಯಾಗಿದೆಯೇ ಎಂದು ತಿಳಿಯಲು ಮುಂದಿನ ಕಂತು ಕಟ್ಟಿದ ಮೇಲೆ ಸ್ಟೇಟ್‌ಮೆಂಟಿನ ಬಡ್ಡಿಯ ಸಾಲು ನೋಡಿದರೆ ಸಾಕು. ಶೇ. 9ರಲ್ಲಿ 5 ಲಕ್ಷಕ್ಕೆ ದಿನಕ್ಕೆ ಸುಮಾರು 123 ರೂಪಾಯಿ ಇಳಿಯಬೇಕು. ಬಡ್ಡಿ ಹಿಂದಿನಷ್ಟೇ ಇದ್ದರೆ ಹಣ ಬೇರೆಲ್ಲೋ ಕೂತಿದೆ ಎಂದರ್ಥ.

ಸ್ಮಿತ್ ಹೆದರಿದ್ದು ಸುಳ್ಳಾಗಿಲ್ಲ, ಜಾಗ ಬದಲಿಸಿದೆ. ಕೊಳ ಕಾಯುವ ಕೆಲಸ ಬ್ಯಾಂಕಿನಿಂದ ಸಾಲಗಾರನಿಗೆ ಬಂದಿದೆ. ಠೇವಣಿ ಇರುವಾಗ ಖಾತೆ ‘ತೆಗೆಯಬಹುದಾದ ಮೊತ್ತ’ ಎಂದು ದೊಡ್ಡ ಸಂಖ್ಯೆ ತೋರಿಸುತ್ತದೆ. ಅದನ್ನು ಕಾರಿಗೆ, ಮದುವೆಗೆ ಎಂದು ತೆಗೆಯುತ್ತಾ ಹೋದರೆ ಕೊಳಕ್ಕೆ ಬರುವ ನೀರಿಗಿಂತ ಹೋಗುವ ನೀರೇ ಹೆಚ್ಚು.

ನಮ್ಮ ತಂದೆ ಸ್ಮಿತ್‌ನನ್ನು ಓದಿದವರಲ್ಲ. ಆದರೂ ಸಿಸಿ ಖಾತೆಯಿಂದ ಒಮ್ಮೆಯೂ ಮನೆ ಖರ್ಚಿಗೆ ತೆಗೆಯಲಿಲ್ಲ. ‘ಅದು ಅಂಗಡಿಯ ನೀರು’ ಎನ್ನುತ್ತಿದ್ದರು.